ರಾತ್ರಿ 12ಕ್ಕೆ ಓಡುವ ಜಾಬ್: ಟೈಮ್‌ಝೋನ್ ಮತ್ತು ಡೇಲೈಟ್ ಸೇವಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಒಂದು ಸಣ್ಣ ಆಫೀಸಿನಲ್ಲಿ ನಾನು ಬಿಲ್ಲಿಂಗ್ ಸಾಫ್ಟ್‌ವೇರಿನ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ನಮ್ಮ ಗಿರಾಕಿಗಳಲ್ಲಿ ಕೆಲವರು ಊರಲ್ಲೇ ಇರುವವರು. ಇನ್ನು ಕೆಲವರು ಇಲ್ಲಿಂದ ಹೋಗಿ ದುಬೈಯಲ್ಲೋ ಅಮೆರಿಕದಲ್ಲೋ ಅಂಗಡಿ, ಹೋಟೆಲು ಇಟ್ಟವರು. ಎಲ್ಲರಿಗೂ ಬೇಕಾದದ್ದು ಒಂದೇ: ದಿನ ಮುಗಿದ ಕೂಡಲೇ ಆ ದಿನದ ಲೆಕ್ಕ. ಹೊಸದಾಗಿ ಕೆಲಸಕ್ಕೆ ಸೇರಿದವರು ಮತ್ತು ಫೋನ್ ಮಾಡುವ ಗಿರಾಕಿಗಳು ನನ್ನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು.

## ಕ್ರಾನ್‌ನಲ್ಲಿ ರಾತ್ರಿ 12 ಅಂತಲೇ ಹಾಕಿದ್ದೇನೆ. ಬೆಳಗ್ಗೆ 5.30ಕ್ಕೆ ಓಡುತ್ತಿದೆ. ಯಾಕೆ?

ನಿಮ್ಮ ಸರ್ವರ್ ಯುಟಿಸಿಯಲ್ಲಿದೆ. ಬಾಡಿಗೆಗೆ ಸಿಗುವ ಹೆಚ್ಚಿನ ಸರ್ವರ್‌ಗಳು ಹಾಗೇ ಬರುತ್ತವೆ. ಯುಟಿಸಿಯಲ್ಲಿ ರಾತ್ರಿ 12 ಆದಾಗ ನಮ್ಮಲ್ಲಿ ಬೆಳಗಿನ 5.30. ನೋಡಬೇಕಿದ್ದರೆ `timedatectl` ಅಂತ ಒಂದು ಸಲ ಟೈಪ್ ಮಾಡಿ, `Time zone` ಸಾಲಿನಲ್ಲಿ ಇರುತ್ತದೆ.

ತಡವಾಗಿ ಓಡುವುದು ದೊಡ್ಡ ವಿಷಯ ಅಲ್ಲ. ಜಾಬ್ ಒಳಗೆ ‘ನಿನ್ನೆ’ ಅಂತ ಲೆಕ್ಕ ಹಾಕುವಾಗಲೂ ಯುಟಿಸಿ ದಿನವನ್ನೇ ಹಿಡಿಯುತ್ತದಲ್ಲ, ತೊಂದರೆ ಇರುವುದು ಅಲ್ಲಿ. ಆ ‘ನಿನ್ನೆ’ ಅಂದರೆ ನಮ್ಮ ಬೆಳಗಿನ 5.30ರಿಂದ ಮರುದಿನ ಬೆಳಗಿನ 5.30ರವರೆಗೆ. ಉಡುಪಿ ರಥಬೀದಿಯ ಬಟ್ಟೆ ಅಂಗಡಿಗೆ ಇದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಆ ಹೊತ್ತಿಗೆ ಅಂಗಡಿಯ ಬಾಗಿಲೇ ತೆರೆದಿರುವುದಿಲ್ಲ. ಮಲ್ಪೆ ಬಂದರಿನ ಮೀನು ವ್ಯಾಪಾರಿಗೆ ಮಾತ್ರ ಮೊದಲ ವಾರವೇ ಗೊತ್ತಾಗುತ್ತದೆ. ಮಂಗಳವಾರ ಬೆಳಗ್ಗೆ 4.45ಕ್ಕೆ ಬಂಗುಡೆ ಮಾರಿ ಬಿಲ್ ಹೊಡೆದರೆ ಅದು ಸೋಮವಾರದ ಲೆಕ್ಕದಲ್ಲಿ ಕೂರುತ್ತದೆ. 5.40ರ ಬಿಲ್ ಮಂಗಳವಾರಕ್ಕೆ ಹೋಗುತ್ತದೆ. ಒಂದೇ ಬೋಟಿನ ಮೀನು, ಎರಡು ದಿನದ ಲೆಕ್ಕ.

## ಹಾಗಾದರೆ 18:30 ಯುಟಿಸಿ ಅಂತ ಹಾಕಿದರೆ ಮುಗೀತಲ್ವಾ?

ದಿನಾ ಓಡುವ ಜಾಬ್ ಆದರೆ ಸಮಯದ ಮಟ್ಟಿಗೆ ಮುಗಿಯಿತು. `30 18 * * *` ಅಂದರೆ ನಮ್ಮ ಮಧ್ಯರಾತ್ರಿ. ಭಾರತದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ಗಂಟೆ ಮುಂದಿಟ್ಟಿದ್ದರು, 1945ಕ್ಕೆ ಅದು ನಿಂತಿತು. ಹಾಗಾಗಿ ಐದೂವರೆ ಗಂಟೆಯ ಅಂತರ ವರ್ಷವಿಡೀ ಒಂದೇ.

ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಓಡುವ ಜಾಬ್‌ಗಳಲ್ಲಿ ಕಾಲು ಜಾರುತ್ತದೆ. ನಮ್ಮ ಮಧ್ಯರಾತ್ರಿಯ ಹೊತ್ತಿಗೆ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನ. ಭಾನುವಾರ ಶುರುವಾಗುವ ಕ್ಷಣಕ್ಕೆ ಜಾಬ್ ಓಡಬೇಕಾದರೆ ಕ್ರಾನ್‌ನಲ್ಲಿ ಶನಿವಾರ ಅಂತ ಬರೆಯಬೇಕು. ಇದು ಹೇಗೋ ನೆನಪಿರುತ್ತದೆ. ‘ತಿಂಗಳ 1ನೇ ತಾರೀಕು’ ಇನ್ನೂ ಕಷ್ಟ. `30 18 1 * *` ಅಂತ ಹಾಕಿದರೆ ಅದು ಓಡುವುದು ನಮ್ಮ 2ನೇ ತಾರೀಕು ಶುರುವಾಗುವಾಗ. ಸರಿಯಾಗಿ ಓಡಬೇಕಾದರೆ ‘ಹಿಂದಿನ ತಿಂಗಳ ಕೊನೇ ದಿನ’ ಅಂತ ಬರೆಯಬೇಕು. ಅದು 28 ಇರಬಹುದು, 31 ಇರಬಹುದು. ಮಾಮೂಲಿ ಕ್ರಾನ್‌ಗೆ ಅದನ್ನು ಹೇಳುವ ದಾರಿಯೇ ಇಲ್ಲ. ಅಂಥ ಜಾಬ್‌ಗಳಿಗೆ ಟೈಮ್‌ಝೋನ್ ಹೆಸರನ್ನೇ ಕೊಡಬೇಕು. ಹೇಗೆಂದು ಕೆಳಗೆ ಬರೆದಿದ್ದೇನೆ.

## ಗಿರಾಕಿ ‘ಶನಿವಾರ ರಾತ್ರಿ 12ಕ್ಕೆ’ ಅಂದರು. ಯಾವ ತಾರೀಕು ಹಾಕಲಿ?

ಕೇಳದೆ ಹಾಕಬೇಡಿ. ನಮ್ಮ ಮಾತಿನಲ್ಲಿ ಶನಿವಾರ ರಾತ್ರಿ 12 ಅಂದರೆ ಶನಿವಾರ ಮುಗಿಯುವ ಹೊತ್ತು. ಕಂಪ್ಯೂಟರಿಗೆ ಶನಿವಾರ 00:00 ಅಂದರೆ ಶುಕ್ರವಾರ ಮುಗಿದ ಹೊತ್ತು. ಇಡೀ 24 ಗಂಟೆ ವ್ಯತ್ಯಾಸ. ಶನಿವಾರದ ಯಕ್ಷಗಾನ ಭಾನುವಾರ ಬೆಳಗ್ಗೆ ಮುಗಿದರೂ ನಮಗೆ ಅದು ಶನಿವಾರದ ಆಟವೇ ಅಲ್ವಾ? ಗಿರಾಕಿ ಮಾತಾಡುವುದು ಆ ಲೆಕ್ಕದಲ್ಲಿ. ನಾನು ‘ಶನಿವಾರ ರಾತ್ರಿ 11.59 ಆದ ಮೇಲೆ ಬರುವುದೋ, ಶುಕ್ರವಾರ ರಾತ್ರಿ ಆದ ಮೇಲೆ ಬರುವುದೋ?’ ಅಂತ ಕೇಳಿ ಬರೆದಿಟ್ಟುಕೊಳ್ಳುತ್ತೇನೆ.

## ಡೇಲೈಟ್ ಸೇವಿಂಗ್ ಅಂದರೆ ಏನು? ಗಲ್ಫ್ ಗಿರಾಕಿಗಳಿಗೂ ಇದೆಯಾ?

ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು, ಚಳಿಗಾಲಕ್ಕೆ ಮತ್ತೆ ಹಿಂದಿಡುವುದು. ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಮುಂದೆ, ನವೆಂಬರ್ ತಿಂಗಳ ಮೊದಲ ಭಾನುವಾರ ಹಿಂದೆ. ಎರಡೂ ಆಗುವುದು ಅಲ್ಲಿನ ರಾತ್ರಿ 2 ಗಂಟೆಗೆ. ದುಬೈ, ಸೌದಿ, ಕುವೈತ್, ಕತಾರ್‌ಗಳಲ್ಲಿ ಇದು ಇಲ್ಲ. ಗಲ್ಫ್ ಗಿರಾಕಿಗಳಷ್ಟೇ ಇರುವವರು ನೆಮ್ಮದಿಯಾಗಿರಬಹುದು.

## ಗಡಿಯಾರ ಬದಲಾಗುವುದು 2 ಗಂಟೆಗೆ. ನನ್ನ ಜಾಬ್ 12ಕ್ಕೆ. ನನಗೆ ಯಾಕೆ ತಲೆಬಿಸಿ?

ನಾನೂ ಹೀಗೇ ಅಂದುಕೊಂಡಿದ್ದೆ. ಅದರಿಂದ ಬಿದ್ದ ಪೆಟ್ಟನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನ್ಯೂಜೆರ್ಸಿಯಲ್ಲಿ ಕುಂದಾಪುರ ಕಡೆಯವರೊಬ್ಬರು ಹೋಟೆಲು ನಡೆಸುತ್ತಾರೆ. ಜುಲೈಯಲ್ಲಿ ಅವರಿಗೆ ದಿನದ ವರದಿಯ ಜಾಬ್ ಹಾಕಿಕೊಟ್ಟೆವು. ಬೇಸಿಗೆಯಲ್ಲಿ ಅಲ್ಲಿನ ಮಧ್ಯರಾತ್ರಿ ಅಂದರೆ 04:00 ಯುಟಿಸಿ, ನಮಗೆ ಬೆಳಗ್ಗೆ 9.30. ಹಾಗಾಗಿ `0 4 * * *` ಅಂತ ಬರೆದೆ. ಜಾಬ್ ಓಡಿದ ಕೂಡಲೇ ನ್ಯೂಯಾರ್ಕ್ ಸಮಯದಲ್ಲಿ ಇವತ್ತು ಯಾವ ತಾರೀಕು ಅಂತ ನೋಡಿ, ಅದರಲ್ಲಿ ಒಂದು ಕಳೆದು, ಆ ದಿನದ ವರದಿ ಕಳಿಸುತ್ತಿತ್ತು. ನಾನು ಆಫೀಸಿಗೆ ಬಂದು ಕಾಫಿ ಕುಡಿಯುವ ಹೊತ್ತಿಗೆ ಸರಿಯಾಗಿ ಲಾಗ್‌ನಲ್ಲಿ ‘ಆಯ್ತು’ ಅಂತ ಬೀಳುತ್ತಿತ್ತು. ಮೂರು ತಿಂಗಳು ಯಾವ ತಕರಾರೂ ಇರಲಿಲ್ಲ.

2025ರ ನವೆಂಬರ್ 3, ಸೋಮವಾರ ಅವರ ಫೋನ್ ಬಂತು. ‘ಶನಿವಾರದ ಲೆಕ್ಕ ಎರಡು ಸಲ ಕಳಿಸಿದ್ದೀರಿ ಮಾರಾಯ್ರೆ, ಭಾನುವಾರದ್ದು ಎಲ್ಲಿ?’ ಶನಿವಾರ ಅಂದರೆ ನವೆಂಬರ್ 1. ರಾಜ್ಯೋತ್ಸವಕ್ಕೆ ಅಲ್ಲಿನ ಕನ್ನಡಿಗರೆಲ್ಲ ಊಟಕ್ಕೆ ಬಂದು ಭರ್ಜರಿ ವ್ಯಾಪಾರ ಆಗಿತ್ತು. ಅದೇ ಮೊತ್ತ ಎರಡು ಸಲ ಬಂದದ್ದರಿಂದ ಅವರಿಗೆ ತಕ್ಷಣ ಗೊತ್ತಾಯಿತು. ಸಪ್ಪೆ ದಿನ ಆಗಿದ್ದರೆ ಬಹುಶಃ ನೋಡುತ್ತಲೇ ಇರಲಿಲ್ಲ.

ಲಾಗ್ ತೆಗೆದೆ. ಎರಡು ದಿನವೂ 9.30ಕ್ಕೇ ಓಡಿದೆ, ಒಂದು ಸೆಕೆಂಡ್ ಆಚೀಚೆ ಇಲ್ಲ. ಯಾವ ಎರರ್ ಕೂಡ ಇಲ್ಲ. ಆಮೇಲೆ ಆ ಎರಡು ಕ್ಷಣಗಳನ್ನು ನ್ಯೂಯಾರ್ಕ್ ಗಡಿಯಾರದಲ್ಲಿ ನೋಡಿದೆ:

```
$ TZ=America/New_York date -d '2025-11-02 04:00 UTC'
Sun Nov  2 00:00:00 EDT 2025
$ TZ=America/New_York date -d '2025-11-03 04:00 UTC'
Sun Nov  2 23:00:00 EST 2025
```

ಎರಡೂ ಭಾನುವಾರ, ನವೆಂಬರ್ 2! ಮೊದಲನೆಯದು ಆ ದಿನ ಶುರುವಾದ ಕ್ಷಣ. ಎರಡನೆಯದು ಅದೇ ದಿನ ರಾತ್ರಿ 11 ಗಂಟೆ. ನಡುವೆ ಗಡಿಯಾರ ಒಂದು ಗಂಟೆ ಹಿಂದೆ ಹೋಗಿತ್ತು. ಜಾಬ್ ಎರಡು ಸಲವೂ ‘ಇವತ್ತು 2, ನಿನ್ನೆ 1’ ಅಂತ ಲೆಕ್ಕ ಹಾಕಿ ಶನಿವಾರದ ವರದಿಯನ್ನೇ ಕಳಿಸಿತ್ತು. ಭಾನುವಾರದ್ದು ಮರುದಿನ ಬರುತ್ತಿತ್ತು. ಅಂದರೆ ಅಲ್ಲಿಂದ ಮುಂದೆ ಪ್ರತಿ ವರದಿಯೂ ಒಂದು ದಿನ ತಡ.

ಅವರು ಫೋನ್ ಮಾಡದೇ ಇದ್ದಿದ್ದರೆ ಮಾರ್ಚ್‌ನಲ್ಲಿ ಏನಾಗುತ್ತಿತ್ತು ಅಂತಲೂ ಲೆಕ್ಕ ಹಾಕಿದೆ. 2026ರ ಮಾರ್ಚ್ 8ರಂದು 04:00 ಯುಟಿಸಿ ಅಂದರೆ ಅಲ್ಲಿ ಮಾರ್ಚ್ 7ರ ರಾತ್ರಿ 11. ಹೋಗುವುದು 6ರ ವರದಿ. ಮಾರ್ಚ್ 9ರಂದು ಅದೇ 04:00 ಯುಟಿಸಿ ಅಂದರೆ ಅಲ್ಲಿ 9ರ ಮಧ್ಯರಾತ್ರಿ. ಹೋಗುವುದು 8ರ ವರದಿ. 7ನೇ ತಾರೀಕು, ಮತ್ತೆ ಒಂದು ಶನಿವಾರ, ಯಾವತ್ತೂ ಬರುವುದೇ ಇಲ್ಲ. ಎರಡು ಸಲ ಬಂದದ್ದು ಕಣ್ಣಿಗೆ ಬೀಳುತ್ತದೆ. ಬಾರದೇ ಇದ್ದದ್ದನ್ನು ಯಾರು ಹುಡುಕುತ್ತಾರೆ?

ಇನ್ನೊಂದು ವಿಷಯ. ಇದೇ ಜಾಬನ್ನು ನಾನು ಜನವರಿಯಲ್ಲಿ ಹಾಕಿದ್ದರೆ `0 5 * * *` ಅಂತ ಬರೆಯುತ್ತಿದ್ದೆ, ಯಾಕೆಂದರೆ ಚಳಿಗಾಲದಲ್ಲಿ ಅಲ್ಲಿನ ಮಧ್ಯರಾತ್ರಿ 05:00 ಯುಟಿಸಿ. ಬೇಸಿಗೆಯಲ್ಲಿ ಅದು ರಾತ್ರಿ 1ಕ್ಕೆ ಓಡುತ್ತಿತ್ತು. ವರದಿ ಒಂದು ಗಂಟೆ ತಡ, ತಾರೀಕು ಮಾತ್ರ ಸರಿ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದೇ ತಪ್ಪು, ಹಾಕಿದ ತಿಂಗಳ ಮೇಲೆ ಬಯಲಾಗುತ್ತದೆ ಇಲ್ಲವೇ ಅಡಗಿ ಕೂರುತ್ತದೆ. ‘ನಮ್ಮದು ಐದು ವರ್ಷದಿಂದ ಓಡ್ತಾ ಇದೆ, ಏನೂ ಆಗಿಲ್ಲ’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ‘ಯಾವ ತಿಂಗಳಲ್ಲಿ ಹಾಕಿದ್ದು?’ ಅಂತ.

## ತಾರೀಕಿನ ರಗಳೆಯೇ ಬೇಡ, ‘ಕಳೆದ 24 ಗಂಟೆ’ ಅಂತ ತೆಗೆದುಕೊಂಡರೆ?

ಬೇಡ. ನವೆಂಬರ್ 2 ನ್ಯೂಯಾರ್ಕ್‌ನಲ್ಲಿ 25 ಗಂಟೆಯ ದಿನ. ದಿನದ ಕೊನೆಯಲ್ಲಿ ನಿಂತು 24 ಗಂಟೆ ಹಿಂದೆ ಹೋದರೆ ಆ ದಿನದ ಮೊದಲ ಗಂಟೆಯ ಬಿಲ್‌ಗಳು ಬಿಟ್ಟುಹೋಗುತ್ತವೆ. ಶನಿವಾರ ಮಧ್ಯರಾತ್ರಿ ದಾಟಿದ ಮೇಲಿನ ಬಿಲ್‌ಗಳು ಅವು, ಹೋಟೆಲಿಗೆ ಒಳ್ಳೆಯ ಗಂಟೆ. ಮಾರ್ಚ್‌ನ ದಿನಕ್ಕೆ 23 ಗಂಟೆ. ಅಲ್ಲಿ ಹಿಂದಿನ ರಾತ್ರಿ 11ರಿಂದ 12ರ ಬಿಲ್‌ಗಳು ಎರಡೂ ದಿನದ ಲೆಕ್ಕದಲ್ಲಿ ಬರುತ್ತವೆ. ಅದಲ್ಲದೆ ಯಾವುದೋ ದಿನ ಜಾಬ್ ಹತ್ತು ನಿಮಿಷ ತಡವಾಗಿ ಶುರುವಾದರೂ ಲೆಕ್ಕ ಹತ್ತು ನಿಮಿಷ ಜಾರುತ್ತದೆ.

ತಾರೀಕನ್ನು ಹಿಡಿದುಕೊಳ್ಳಿ. ಆ ತಾರೀಕು ಶುರುವಾಗುವ ಕ್ಷಣ, ಮರುದಿನದ ತಾರೀಕು ಶುರುವಾಗುವ ಕ್ಷಣ, ಎರಡನ್ನೂ ಬೇರೆ ಬೇರೆಯಾಗಿ ಯುಟಿಸಿಗೆ ತಿರುಗಿಸಿ. ಪೈಥಾನ್‌ನಲ್ಲಿ ನಮ್ಮದು ಇಷ್ಟೇ:

```python
from datetime import datetime, time, timedelta, timezone
from zoneinfo import ZoneInfo

def day_bounds(d, zone):
    tz = ZoneInfo(zone)
    a = datetime.combine(d, time(0), tz)
    b = datetime.combine(d + timedelta(days=1), time(0), tz)
    return a.astimezone(timezone.utc), b.astimezone(timezone.utc)
```

ನವೆಂಬರ್ 2 ಮತ್ತು `America/New_York` ಕೊಟ್ಟರೆ ಇದು 2ನೇ ತಾರೀಕಿನ 04:00ಯಿಂದ 3ನೇ ತಾರೀಕಿನ 05:00ವರೆಗೆ ಅನ್ನುತ್ತದೆ. ಸರಿಯಾಗಿ 25 ಗಂಟೆ. ಯುಟಿಸಿಗೆ ತಿರುಗಿಸದೆ `b - a` ಅಂತ ಕಳೆದರೆ ಪೈಥಾನ್ 24 ಗಂಟೆ ಅನ್ನುತ್ತದೆ, ಹುಷಾರು. ಎರಡೂ ಒಂದೇ ಝೋನ್‌ನಲ್ಲಿದ್ದರೆ ಅದು ಗೋಡೆ ಗಡಿಯಾರದ ಮುಳ್ಳುಗಳನ್ನಷ್ಟೇ ನೋಡುತ್ತದೆ. ಡೇಟಾಬೇಸ್‌ನಲ್ಲಿ ಹುಡುಕುವಾಗ ಮೊದಲ ಕ್ಷಣ ಸೇರಬೇಕು, ಕೊನೆಯ ಕ್ಷಣ ಸೇರಬಾರದು. `23:59:59` ಅಂತ ಬರೆಯುವ ಚಟ ಬಿಡಿ.

## ಟೈಮ್‌ಝೋನ್ ಹೆಸರನ್ನೇ ಕ್ರಾನ್‌ಗೆ ಹೇಳಲು ಆಗುವುದಿಲ್ಲವೇ?

ಆಗುತ್ತದೆ, ಆದರೆ ಯಾವ ಕ್ರಾನ್ ಅಂತ ಮೊದಲು ನೋಡಬೇಕು. ರೆಡ್ ಹ್ಯಾಟ್, ಫೆಡೋರಾ ಕಡೆ ಇರುವ `cronie` ಅನ್ನುವ ಕ್ರಾನ್‌ನಲ್ಲಿ `CRON_TZ=America/New_York` ಅಂತ ಸಾಲು ಬರೆದರೆ ಅದರ ಕೆಳಗಿನ ಜಾಬ್‌ಗಳು ಆ ಊರಿನ ಗಡಿಯಾರ ನೋಡಿ ಓಡುತ್ತವೆ. ಡೆಬಿಯನ್‌ನ ಹಳೇ ಕ್ರಾನ್‌ಗೆ ಅದು ಬರುವುದಿಲ್ಲ. ಕೆಲವರು ಅಲ್ಲಿ `TZ=` ಅಂತ ಬರೆದು ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಆ ಸಾಲು ಜಾಬ್‌ನ ಒಳಗಿನ ಗಡಿಯಾರವನ್ನು ಮಾತ್ರ ಬದಲಿಸುತ್ತದೆ. ಜಾಬ್ ಶುರುವಾಗುವ ಸಮಯ ಸರ್ವರ್‌ನದ್ದೇ. ಮೇಲೆ ಹೇಳಿದ ನಮ್ಮ ಕಥೆ ಇದೇ ತರದ್ದು: ಒಳಗೆ ನ್ಯೂಯಾರ್ಕ್, ಹೊರಗೆ ಯುಟಿಸಿ.

ಸಿಸ್ಟಮ್‌ಡಿ ಟೈಮರ್ ಇದ್ದರೆ ಕೊನೆಯಲ್ಲಿ ಝೋನ್ ಹೆಸರು ಸೇರಿಸಿದರೆ ಸಾಕು. ಕುಬರ್ನೆಟೀಸ್‌ನ ಕ್ರಾನ್‌ಜಾಬ್‌ನಲ್ಲಿ `timeZone` ಅಂತಲೇ ಒಂದು ಜಾಗ ಇದೆ. ಟೈಮರ್ ಬರೆದ ಮೇಲೆ ಮುಂದೆ ಯಾವಾಗ ಓಡುತ್ತದೆ ಅಂತ ಕೇಳಿ ನೋಡುವ ಅಭ್ಯಾಸ ಒಳ್ಳೆಯದು:

```
systemd-analyze calendar --iterations=3 '*-*-* 00:00:00 America/New_York'
```

ಹೆಸರು ಬರೆಯುವಾಗ `EST` ಅಂತ ಬರೆಯಬೇಡಿ. ಅದು ವರ್ಷವಿಡೀ ಯುಟಿಸಿಗಿಂತ ಐದು ಗಂಟೆ ಹಿಂದೆಯೇ ಇರುತ್ತದೆ, ಬೇಸಿಗೆ ಗೊತ್ತಿಲ್ಲದ ಝೋನ್ ಅದು. `IST` ಇನ್ನೂ ಮೋಸ. ನಮಗೆ ಅದು ಭಾರತ, ಇಸ್ರೇಲಿನವರಿಗೆ ಇಸ್ರೇಲ್, ಐರ್ಲೆಂಡಿನವರಿಗೆ ಐರ್ಲೆಂಡ್. `Asia/Kolkata` ಅಂತ ಪೂರ್ತಿ ಬರೆಯಿರಿ.

## ಮಧ್ಯರಾತ್ರಿಯೇ ಇಲ್ಲದ ದಿನ ಇರುತ್ತದೆ ಅಂತಾರೆ. ನಿಜವಾ?

ನಿಜ. ಈಜಿಪ್ಟ್ 2023ರಲ್ಲಿ ಡೇಲೈಟ್ ಸೇವಿಂಗನ್ನು ಮತ್ತೆ ತಂದಿತು. ಏಪ್ರಿಲ್ ತಿಂಗಳ ಕೊನೇ ಶುಕ್ರವಾರ ಅಲ್ಲಿ ಗಡಿಯಾರ 23:59ರಿಂದ ನೇರ 01:00ಕ್ಕೆ ಹಾರುತ್ತದೆ. ಆ ದಿನ 00:00 ಅನ್ನುವ ಸಮಯವೇ ಬರುವುದಿಲ್ಲ. ಲೆಬನಾನ್‌ನಲ್ಲೂ ಮಾರ್ಚ್ ಕೊನೆಯ ಭಾನುವಾರ ಹಾಗೆಯೇ. ಕ್ಯೂಬಾದಲ್ಲಿ ಎರಡೂ ಇದೆ: ಮಾರ್ಚ್‌ನಲ್ಲಿ ಒಂದು ಮಧ್ಯರಾತ್ರಿ ಮಾಯ, ನವೆಂಬರ್‌ನಲ್ಲಿ 01:00 ಆದಾಗ ಗಡಿಯಾರ 00:00ಕ್ಕೆ ಮರಳುವುದರಿಂದ ಒಂದೇ ದಿನ ಎರಡು ಮಧ್ಯರಾತ್ರಿ.

ಸರ್ವರ್‌ನ ಗಡಿಯಾರವೇ ಆ ಊರಿನದ್ದಾಗಿದ್ದರೆ ಡೆಬಿಯನ್ ಕ್ರಾನ್ ಸ್ವಲ್ಪ ಜಾಣತನ ತೋರಿಸುತ್ತದೆ. ಹಾರಿಹೋದ ಗಂಟೆಯ ಜಾಬನ್ನು ಆ ಕೂಡಲೇ ಓಡಿಸುತ್ತದೆ, ಮರಳಿ ಬಂದ ಗಂಟೆಯಲ್ಲಿ ಮತ್ತೆ ಓಡಿಸುವುದಿಲ್ಲ. ಆದರೆ ಗಂಟೆ ಅಥವಾ ನಿಮಿಷದ ಜಾಗದಲ್ಲಿ ನಕ್ಷತ್ರ ಇರುವ ಸಾಲುಗಳಿಗೆ ಈ ರಿಯಾಯಿತಿ ಇಲ್ಲ. ಪ್ರೋಗ್ರಾಮ್ ಒಳಗೇ ಇರುವ ಷೆಡ್ಯೂಲರ್ ಲೈಬ್ರರಿಗಳಲ್ಲಿ ಒಂದೊಂದರದ್ದು ಒಂದೊಂದು ನಡವಳಿಕೆ. ನಾನು ಇದನ್ನು ನಂಬಿ ಕೂರುವುದಿಲ್ಲ.

## ಹಾಗಾದರೆ ನೀವು ಈಗ ಹೇಗೆ ಮಾಡುತ್ತೀರಿ?

ಮಧ್ಯರಾತ್ರಿಗೆ ಜಾಬ್ ಹಾಕುವುದನ್ನೇ ಬಿಟ್ಟೆವು. ಸರ್ವರ್ ಯುಟಿಸಿಯಲ್ಲೇ ಇದೆ. ಜಾಬ್ ಪ್ರತಿ ಗಂಟೆಯ 7ನೇ ನಿಮಿಷಕ್ಕೆ ಓಡುತ್ತದೆ, `7 * * * *` ಅಷ್ಟೇ. ಅದು ಪ್ರತಿ ಅಂಗಡಿಯ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳುತ್ತದೆ: ನಿನ್ನ ಊರಿನಲ್ಲಿ ಈಗ ಯಾವ ತಾರೀಕು, ಮುಗಿದು ಹೋದ ದಿನಗಳಲ್ಲಿ ಲೆಕ್ಕ ಮುಚ್ಚದೇ ಇರುವುದು ಯಾವುದು?

ಇದಕ್ಕೆ ಡೇಟಾಬೇಸ್‌ನಲ್ಲಿ ಒಂದು ಪುಟ್ಟ ಟೇಬಲ್ ಇದೆ. ಅಂಗಡಿಯ ನಂಬರ್, ತಾರೀಕು, ಇಷ್ಟೇ. ಎರಡೂ ಸೇರಿ ಪ್ರೈಮರಿ ಕೀ. ದಿನದ ಲೆಕ್ಕ ಬರೆಯುವುದು ಮತ್ತು ಈ ಟೇಬಲ್‌ಗೆ ಸಾಲು ಸೇರಿಸುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಜಾಬ್ ಎರಡು ಸಲ ಓಡಿದರೂ ಎರಡನೇ ಸಲ ಸಾಲು ಸೇರುವುದಿಲ್ಲ, ಹಾಗಾಗಿ ಶನಿವಾರದ ಲೆಕ್ಕ ಎರಡು ಸಲ ಹೋಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿಯೋ, ಸರ್ವರ್ ಮಲಗಿಯೋ ಐದು ಗಂಟೆ ಓಡದಿದ್ದರೂ ಎದ್ದ ಮೇಲೆ ಬಾಕಿ ಇರುವ ದಿನವನ್ನು ಅದೇ ಹುಡುಕಿಕೊಳ್ಳುತ್ತದೆ. ಗಡಿಯಾರ ಹಿಂದೆ ಹೋಗಲಿ, ಮುಂದೆ ಹೋಗಲಿ, ಯಾವ ದಿನದ ಲೆಕ್ಕ ಅನ್ನುವುದು ಈಗ ಜಾಬ್ ಓಡಿದ ಸಮಯದ ಮೇಲೆ ನಿಂತಿಲ್ಲ.

ದಿನ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದನ್ನೂ ಅಂಗಡಿಗೊಂದರಂತೆ ಇಟ್ಟಿದ್ದೇವೆ. ನ್ಯೂಜೆರ್ಸಿಯ ಹೋಟೆಲಿನವರು ರಾತ್ರಿ 12.20ರ ಬಿಲ್ ಹಿಂದಿನ ದಿನಕ್ಕೇ ಸೇರಲಿ ಅಂದರು. ಅವರಿಗೆ ಬೆಳಗಿನ 4 ಗಂಟೆ. 2 ಅಥವಾ 3 ಗಂಟೆ ಇಡಬೇಡಿ, ಗಡಿಯಾರ ಆಡುವ ಹೊತ್ತು ಅದೇ. ಇದೇ 4 ಗಂಟೆಯನ್ನು ಮಲ್ಪೆಯ ವ್ಯಾಪಾರಿಗೂ ಇಡೋಣ ಅಂದಾಗ ಅವರು ನಕ್ಕುಬಿಟ್ಟರು. ಅವರ ದಿನ ಅಷ್ಟು ಹೊತ್ತಿಗೆ ಶುರುವಾಗಿ ಆಗಿರುತ್ತದೆ. ಅವರದ್ದು ಮಧ್ಯರಾತ್ರಿಗೇ ಇದೆ.

## ಝೋನ್ ಹೆಸರು ಸರಿ ಬರೆದ ಮೇಲೂ ತಪ್ಪಬಹುದಾ?

ನಿಯಮ ಬದಲಾದರೆ ತಪ್ಪಬಹುದು. ಎಲ್ಲ ಊರಿನ ಗಡಿಯಾರದ ನಿಯಮಗಳು `tzdata` ಅನ್ನುವ ಪ್ಯಾಕೇಜಿನಲ್ಲಿ ಬರುತ್ತವೆ. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ ಗಡಿಯಾರ ಬದಲಿಸುವುದನ್ನು ಮುಂದೂಡಿದೆ ಅಂತ ಕೊನೇ ಗಳಿಗೆಯಲ್ಲಿ ಹೇಳಿತು. ದೇಶದಲ್ಲಿ ಅರ್ಧ ಜನ ಒಂದು ಸಮಯ, ಅರ್ಧ ಜನ ಇನ್ನೊಂದು. ಕೆಲವೇ ದಿನದಲ್ಲಿ ಆ ತೀರ್ಮಾನ ವಾಪಸ್. ಅದರ ಹಿಂದೆಯೇ `tzdata`ದ ಎರಡು ಆವೃತ್ತಿಗಳು ಬಂದವು, 2023b ಮತ್ತು ಅದನ್ನು ತಿದ್ದಿದ 2023c. ಸರ್ವರ್ ಅಪ್‌ಡೇಟ್ ಆಗಿ ಕಂಟೇನರ್ ಇಮೇಜ್ ಮಾತ್ರ ಎರಡು ವರ್ಷ ಹಳೆಯದಾಗಿದ್ದರೆ ನಿಮ್ಮ ಜಾಬ್ ನೋಡುವುದು ಹಳೇ ನಿಯಮವನ್ನೇ. ಸರ್ವರ್‌ನ ಝೋನ್ ಬದಲಿಸಿದ ಮೇಲೆ ಕ್ರಾನ್ ಸರ್ವಿಸನ್ನೂ ಒಮ್ಮೆ ರೀಸ್ಟಾರ್ಟ್ ಮಾಡಿ.

## ಈಗಾಗಲೇ ತಪ್ಪಿ ಹೋದ ವರದಿಗಳನ್ನು ಹುಡುಕುವುದು ಹೇಗೆ?

ಬಿಲ್‌ಗಳು ಯುಟಿಸಿ ಸಮಯದ ಜತೆ ಸೇವ್ ಆಗಿದ್ದರೆ ಏನೂ ಹಾಳಾಗಿಲ್ಲ, ಒಟ್ಟು ಮಾಡಿದ್ದು ಮಾತ್ರ ತಪ್ಪು. `zdump -v America/New_York | grep 2025` ಅಂತ ಕೊಟ್ಟರೆ ಆ ವರ್ಷ ಗಡಿಯಾರ ಬದಲಾದ ಕ್ಷಣಗಳು ಸಿಗುತ್ತವೆ. ಅದರ ಆಚೀಚೆಯ ಎರಡೆರಡು ದಿನದ ಕಳಿಸಿದ ವರದಿಗಳನ್ನು ತೆಗೆಯಿರಿ. ಒಂದೇ ಮೊತ್ತ ಎರಡು ಸಲ ಇದೆಯಾ, ತಾರೀಕುಗಳ ಸಾಲಿನಲ್ಲಿ ಒಂದು ಬಿಟ್ಟುಹೋಗಿದೆಯಾ ನೋಡಿ. ಆಮೇಲೆ ಸರಿಯಾದ ಗಡಿ ಹಾಕಿ ಮತ್ತೆ ಲೆಕ್ಕ ಮಾಡಿ ಹೋಲಿಸಿ.

ಬಿಲ್‌ಗಳು ಝೋನ್ ಇಲ್ಲದೆ ಅಲ್ಲಿನ ಗಡಿಯಾರದ ಸಮಯದಲ್ಲೇ ಸೇವ್ ಆಗಿದ್ದರೆ ಕಷ್ಟ. ನವೆಂಬರ್ 2ರ 01:30 ಅಲ್ಲಿ ಎರಡು ಸಲ ಬಂದಿದೆ. ಮೊದಲ 01:30ರ ಬಿಲ್ ಯಾವುದು, ಎರಡನೆಯದು ಯಾವುದು ಅಂತ ಸಮಯ ನೋಡಿ ಹೇಳಲಾಗದು. ನಮ್ಮ ಒಬ್ಬ ಹಳೇ ಗಿರಾಕಿಯ ಡೇಟಾ ಹಾಗಿತ್ತು. ಬಿಲ್ ನಂಬರ್ ಒಂದರ ಮೇಲೊಂದು ಏರುತ್ತಾ ಹೋಗುತ್ತದಲ್ಲ, ಅದನ್ನು ಹಿಡಿದು ಸಾಲಾಗಿ ನೋಡಿದೆವು. ನಂಬರ್ ಮುಂದೆ ಹೋಗುತ್ತಿದ್ದಾಗ ಸಮಯ ಒಂದು ಕಡೆ 01:52ರಿಂದ 01:04ಕ್ಕೆ ಇಳಿದಿತ್ತು. ಗಡಿಯಾರ ತಿರುಗಿದ್ದು ಆ ಎರಡು ಬಿಲ್‌ಗಳ ನಡುವೆ.